ಫ್ಲೂಟ್ ಕಲಿಯುವವರಿಗೆ ಸ್ಕ್ರೀನ್‌ಶಾಟ್ ಮೇಲೆ ನೋಟ್ ಹೆಸರು ಮತ್ತು ಎಣಿಕೆ ಬರೆದುಕೊಡುವುದು ಹೇಗೆ: ಮೊದಲು ಎಣಿಕೆ, ಆಮೇಲೆ ಹೆಸರು

ಫ್ಲೂಟ್ ಟೀಚರ್ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿ, ನೋಟ್ ಹೆಸರು, ಕೌಂಟ್ ಬರೆದುಕೊಂಡು ಬನ್ನಿ ಅಂತಾರೆ. ಮಗುವಿಗೆ ಇನ್ನೂ ನೋಟ್ ಓದಲು ಬರಲ್ಲ. ಹಾಗಾಗಿ ಅಪ್ಪನೋ ಅಮ್ಮನೋ ಅಕ್ಕನೋ ಕೂತು ಪ್ರತಿ ಗುಂಡಿನ ಕೆಳಗೂ ಒಂದೊಂದು ಅಕ್ಷರ ಬರೆಯುತ್ತಾರೆ. ಕೊನೆಗೆ ಸಮಯ ಉಳಿದರೆ ಎಣಿಕೆಯನ್ನೂ ಸೇರಿಸುತ್ತಾರೆ. ಮಗು ಅದನ್ನು ನೋಡಿ ನುಡಿಸಿದರೆ ಸ್ವರವೆಲ್ಲ ಸರಿ ಇರುತ್ತೆ, ಹಾಡು ಮಾತ್ರ ಗುರುತೇ ಸಿಗಲ್ಲ.

ಹೀಗೆ ಕೆಡುವ ಹಾಳೆಗಳಲ್ಲಿ ತಪ್ಪು ಹೆಚ್ಚುಕಡಿಮೆ ಒಂದೇ ಕಡೆ ಇರುತ್ತೆ. ಹೆಸರು ಮೊದಲು ಬರೆದು ಎಣಿಕೆಯನ್ನು ಆಮೇಲೆ ತುರುಕಿರುತ್ತಾರೆ. ಅದನ್ನು ತಿರುಗಿಸಿ, ಎಣಿಕೆ ಮೊದಲು ಬರೆಯಿರಿ. ಪ್ರತಿ ಬಾರ್‌ನ ಎಣಿಕೆ ಇಷ್ಟೇ ಆಗಬೇಕು ಅಂತ ಲೆಕ್ಕ ಇರುವುದರಿಂದ, ನಿಮ್ಮ ಕಣ್ಣು ತಪ್ಪಿದ್ದರೆ, ಸ್ಕ್ರೀನ್‌ಶಾಟ್‌ನಲ್ಲಿ ಏನಾದರೂ ಮಾಯವಾಗಿದ್ದರೆ, ಅದು ಅಲ್ಲೇ ಸಿಕ್ಕಿಬೀಳುತ್ತೆ. ಹೆಸರಿಗೆ ಅಂಥ ಲೆಕ್ಕ ಇಲ್ಲ, ತಪ್ಪು ಹೆಸರು ಬರೆದರೆ ಹಾಳೆ ಸುಮ್ನೆ ಇರುತ್ತೆ.

ಇಲ್ಲಿ ಹೇಳುತ್ತಿರುವುದು ಪಾಶ್ಚಾತ್ಯ ಫ್ಲೂಟ್ ಬಗ್ಗೆ, ಅಂದರೆ ಕೀಗಳಿರುವ ಲೋಹದ ಫ್ಲೂಟ್. ಬಿದಿರಿನ ಕೊಳಲಿನವರೂ ಎಣಿಕೆಯ ಭಾಗವನ್ನು ಹಾಗೇ ಬಳಸಬಹುದು, ಬೆರಳಿನ ಮಾತು ಬಂದಾಗ ಮಾತ್ರ ಅದು ನಿಮಗೆ ಹೊಂದಲ್ಲ.

## ಬೇಕಾಗುವ ಸಾಮಾನು

ಸ್ಕ್ರೀನ್‌ಶಾಟ್‌ನ ಪ್ರಿಂಟ್, ಮೆತ್ತನೆ ಪೆನ್ಸಿಲ್, ರಬ್ಬರ್, ಸ್ಕೇಲ್, ಒಂದು ಕೆಂಪು ಪೆನ್ಸಿಲ್. ಪೆನ್ ಬೇಡ. ಬರೆದದ್ದರಲ್ಲಿ ಅರ್ಧವನ್ನು ಮುಂದೆ ಅಳಿಸಲೇಬೇಕು.

ಫೋನಿನಲ್ಲೇ ಬೆರಳಿನಿಂದ ಗೀಚಬಹುದು, ಆದರೆ ಆ ಅಕ್ಷರಗಳು ದಪ್ಪವಾಗಿ ಪಕ್ಕದ ನೋಟ್ ಕೆಳಗೆ ಹೋಗಿ ಕೂರುತ್ತವೆ. ಪ್ರಿಂಟ್‌ಗೆ ಐದು ರೂಪಾಯಿ ಆದರೂ ಅದೇ ವಾಸಿ.

## ಹಂತ 1: ಸ್ಕ್ರೀನ್‌ಶಾಟ್ ಪೂರ್ತಿ ಇದೆಯಾ ನೋಡಿ

ಹಾಡಿನ ಮೊದಲ ಸಾಲಿನ ಎಡತುದಿಯಲ್ಲಿ ಮೂರು ವಿಷಯ ಇರುತ್ತವೆ. ಒಂದು ಸುರುಳಿ ಗುರುತು, ಅದು ಟ್ರೆಬಲ್ ಕ್ಲೆಫ್. ಅದರ ಪಕ್ಕ ♯ ಅನ್ನುವ ಶಾರ್ಪ್ ಅಥವಾ ♭ ಅನ್ನುವ ಫ್ಲ್ಯಾಟ್ ಗುರುತುಗಳು ಇರಬಹುದು, ಇದು ಕೀ ಸಿಗ್ನೇಚರ್. ಆಮೇಲೆ ಒಂದರ ಮೇಲೊಂದು ಎರಡು ಅಂಕಿ, ಇದು ಟೈಮ್ ಸಿಗ್ನೇಚರ್. ಕ್ಲೆಫ್ ಮತ್ತು ಕೀ ಸಿಗ್ನೇಚರ್ ಸಾಮಾನ್ಯವಾಗಿ ಪ್ರತಿ ಸಾಲಿನಲ್ಲೂ ಮತ್ತೆ ಬರುತ್ತವೆ. ಟೈಮ್ ಸಿಗ್ನೇಚರ್ ಮಾತ್ರ ಮೊದಲ ಸಾಲಿನಲ್ಲಿ ಒಂದೇ ಸಲ. ಹಾಗಾಗಿ ಯಾರಾದರೂ ಎರಡನೇ ಸಾಲಿನಿಂದ ಕತ್ತರಿಸಿ ಕಳಿಸಿದ್ದರೆ ಬಾರ್‌ಗೆ ಎಷ್ಟು ಎಣಿಕೆ ಅಂತ ಹೇಳುವ ಅಂಕಿಯೇ ನಿಮ್ಮ ಹತ್ತಿರ ಇಲ್ಲ. ಊಹೆ ಮಾಡಬೇಡಿ, ಮೊದಲ ಸಾಲು ಕೇಳಿ ತರಿಸಿಕೊಳ್ಳಿ.

ಪುಟದ ತಲೆಯಲ್ಲಿ ವಾದ್ಯದ ಹೆಸರೂ ಇರುತ್ತೆ. ಅದು ಕತ್ತರಿಸಿ ಹೋಗಿದ್ದರೆ ಒಂದು ತೊಂದರೆ ಇದೆ. ಕ್ಲಾರಿನೆಟ್ ಮತ್ತು ಟ್ರಂಪೆಟ್ ಪುಟಗಳೂ ಟ್ರೆಬಲ್ ಕ್ಲೆಫ್‌ನಲ್ಲೇ ಇರುತ್ತವೆ, ನೋಡಲು ಫ್ಲೂಟ್ ಪುಟದಂತೆಯೇ. ಫ್ಲೂಟ್ ಬರೆದ ಸ್ವರವನ್ನೇ ನುಡಿಯುತ್ತೆ, ಆದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುತ್ತೆ. ಆ ಪುಟವನ್ನು ಫ್ಲೂಟ್‌ನಲ್ಲಿ ನುಡಿಸಿದರೆ ಒಬ್ಬರೇ ಇದ್ದಾಗ ಏನೂ ಗೊತ್ತಾಗಲ್ಲ. ಬ್ಯಾಂಡ್ ಜೊತೆಗೋ ಹಿನ್ನೆಲೆ ಟ್ರ್ಯಾಕ್ ಜೊತೆಗೋ ನುಡಿಸಿದ ದಿನ ಅಪಸ್ವರ. ಅಮೆರಿಕದ ಶಾಲಾ ಬ್ಯಾಂಡ್‌ಗಳಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದು ಆಗಾಗ ಆಗುತ್ತೆ, ಯಾಕಂದರೆ ಒಂದೇ ಹಾಡಿಗೆ ಎಲ್ಲ ವಾದ್ಯಗಳ ಪುಟಗಳೂ ಒಂದೇ ಫೋಲ್ಡರ್‌ನಲ್ಲಿ ಇರುತ್ತವೆ.

ಪಿಯಾನೋ ಪುಟ ಬಂದಿದ್ದರೆ ಗುರುತಿಸುವುದು ಸುಲಭ, ಐದೈದು ಗೆರೆಯ ಎರಡು ಸಾಲು ಎಡತುದಿಯ ಒಂದು ಸುರುಳಿ ಬ್ರ್ಯಾಕೆಟ್‌ನಲ್ಲಿ ಜೋಡಿಸಿರುತ್ತೆ. ಸಾಮಾನ್ಯವಾಗಿ ಹಾಡು ಮೇಲಿನ ಸಾಲಿನಲ್ಲಿ ಇರುತ್ತೆ. ಆದರೂ ಫ್ಲೂಟ್ ಪುಟ ಕೇಳುವುದೇ ಒಳ್ಳೆಯದು.

ಇನ್ನು ಚಿತ್ರದ ಸ್ಪಷ್ಟತೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ಕುಗ್ಗಿರುತ್ತೆ. ಮೊದಲು ಮಾಯವಾಗುವುದು ನೋಟ್ ಪಕ್ಕದ ಚಿಕ್ಕ ಚುಕ್ಕೆ, ಮತ್ತು ಆ ಚುಕ್ಕೆಯೇ ಎಣಿಕೆಯ ಜೀವಾಳ. ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನೀವೇ ಪಿಡಿಎಫ್‌ನಿಂದ ತೆಗೆಯುವುದಾದರೆ ಫೋನ್ ಅಡ್ಡ ಹಿಡಿದು, ಒಂದು ಸಾಲು ಪರದೆ ತುಂಬುವಷ್ಟು ಹಿಗ್ಗಿಸಿ, ಸಾಲಿಗೊಂದು ಸ್ಕ್ರೀನ್‌ಶಾಟ್ ತೆಗೆಯಿರಿ. ತೆಗೆದಾದ ಮೇಲೆ ಹಿಗ್ಗಿಸಿದರೆ ಮಸುಕು ಮಾತ್ರ ದೊಡ್ಡದಾಗುತ್ತೆ.

ಪ್ರಿಂಟ್ ಹಾಕುವಾಗ ಸಾಲುಗಳ ನಡುವೆ ಮೂರು ಬೆರಳಿನಷ್ಟು ಬಿಳಿ ಜಾಗ ಬಿಡಿ. ಕೆಳಗೆ ಎರಡು ಸಾಲು ಬರಹ ಬರಬೇಕು: ಮೇಲೆ ಹೆಸರು, ಅದರ ಕೆಳಗೆ ಎಣಿಕೆ.

## ಹಂತ 2: ಬಾರ್‌ಗೆ ನಂಬರ್ ಹಾಕಿ

ಐದು ಗೆರೆಯನ್ನು ಅಡ್ಡಲಾಗಿ ಕತ್ತರಿಸುವ ಉದ್ದ ಗೆರೆಗಳ ನಡುವಿನ ಮನೆ ಒಂದು ಬಾರ್. ಪ್ರತಿ ಬಾರ್‌ನ ತಲೆ ಮೇಲೆ ಕೆಂಪಲ್ಲಿ 1, 2, 3 ಅಂತ ಹಾಕಿ. ಟೀಚರ್ ಜೊತೆ ಫೋನ್‌ನಲ್ಲಿ ಮಾತಾಡುವಾಗ "ಮೂರನೇ ಬಾರ್" ಅನ್ನಲು ಬರುತ್ತೆ.

ಸಾಲಿನ ಆರಂಭದಲ್ಲಿ ಅಚ್ಚಾಗಿರುವ ಚಿಕ್ಕ ಅಂಕಿ ಬಾರ್ ನಂಬರ್, ಎಣಿಕೆ ಅಲ್ಲ. ಮೂರು ನೋಟ್‌ಗಳ ಗುಂಪಿನ ಮೇಲೆ 3 ಅಂತ ಇದ್ದರೆ ಅದು ಟ್ರಿಪ್ಲೆಟ್, ಟೀಚರ್‌ಗೆ ಬಿಡಿ.

ಟೈಮ್ ಸಿಗ್ನೇಚರ್ ಜಾಗದಲ್ಲಿ ಅಂಕಿ ಬದಲು ದೊಡ್ಡ C ಅಕ್ಷರ ಇರಬಹುದು. ಅದು ಸ್ವರದ ಹೆಸರಲ್ಲ, 4/4 ಅನ್ನುವುದಕ್ಕೆ ಇನ್ನೊಂದು ಗುರುತು. ಅದರ ನಡುವೆ ನೆಟ್ಟಗೆ ಗೆರೆ ಎಳೆದಿದ್ದರೆ 2/2.

## ಹಂತ 3: ಎಣಿಕೆ ಬರೆಯಿರಿ

ಇಲ್ಲಿ ನಿಧಾನ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ.

4/4 ಅಂದರೆ ಪ್ರತಿ ಬಾರ್‌ಗೆ ನಾಲ್ಕು ಎಣಿಕೆ, ಕ್ವಾರ್ಟರ್ ನೋಟ್‌ಗೆ ಒಂದು. ಕಪ್ಪು ಗುಂಡು, ಬರೀ ಕಡ್ಡಿ ಇದ್ದರೆ ಕ್ವಾರ್ಟರ್, ಒಂದು ಎಣಿಕೆ. ಪೊಳ್ಳು ಗುಂಡಿಗೆ ಕಡ್ಡಿ ಇದ್ದರೆ ಹಾಫ್, ಎರಡು. ಪೊಳ್ಳು ಗುಂಡು, ಕಡ್ಡಿಯೇ ಇಲ್ಲ, ಹೋಲ್ ನೋಟ್, ನಾಲ್ಕು. ಕಪ್ಪು ಗುಂಡಿನ ಕಡ್ಡಿಗೆ ಬಾಲ ಇದ್ದರೆ, ಅಥವಾ ಎರಡು ಕಡ್ಡಿಗಳ ತುದಿ ಒಂದು ಪಟ್ಟಿಯಿಂದ ಸೇರಿದ್ದರೆ ಎಯ್ತ್ ನೋಟ್, ಅರ್ಧ ಎಣಿಕೆ. ಲಂಡನ್ನಿನ ಪರೀಕ್ಷಾ ಮಂಡಳಿಗಳ ಪುಸ್ತಕ ಓದುವವರಿಗೆ ಇವೇ ಕ್ರಾಚೆಟ್, ಮಿನಿಮ್, ಸೆಮಿಬ್ರೀವ್, ಕ್ವೇವರ್. ಬೆಂಗಳೂರಿನ ಕ್ಲಾಸ್‌ಗಳಲ್ಲಿ ಎರಡೂ ಕಿವಿಗೆ ಬೀಳುತ್ತವೆ, ಗಾಬರಿ ಬೇಡ.

ಈಗ ಮುಖ್ಯ ವಿಷಯ. ನೋಟ್ ಎಷ್ಟು ಉದ್ದ ಅನ್ನುವುದನ್ನು ಬರೆಯಬೇಡಿ, ಅದು ಬಾರ್‌ನ ಎಷ್ಟನೇ ಎಣಿಕೆಯಲ್ಲಿ ಶುರುವಾಗುತ್ತೆ ಅನ್ನುವುದನ್ನು ಬರೆಯಿರಿ. ಎರಡು ಕ್ವಾರ್ಟರ್, ಒಂದು ಹಾಫ್ ಇರುವ ಬಾರ್‌ಗೆ ಬಹಳ ಜನ 1, 1, 2 ಅಂತ ಬರೆಯುತ್ತಾರೆ. ಇದನ್ನು ನೋಡಿದ ಮಗು "ಒಂದು, ಒಂದು, ಎರಡು" ಅಂತ ಎಣಿಸಿ ಮೂರಕ್ಕೇ ಬಾರ್ ಮುಗಿಸುತ್ತೆ, ಕೊನೆಯ ನೋಟ್ ಅರ್ಧಕ್ಕೆ ಸಾಯುತ್ತೆ. ಸರಿಯಾದದ್ದು 1, 2, 3 (4). ಮೂರರಲ್ಲಿ ಊದಲು ಶುರು, ನಾಲ್ಕರಲ್ಲಿ ಇನ್ನೂ ಊದುತ್ತಿರಬೇಕು.

ಗುರುತುಗಳನ್ನು ಹೀಗೆ ಇಟ್ಟುಕೊಳ್ಳಿ. ಹೊಸ ನೋಟ್ ಶುರುವಾಗುವ ಎಣಿಕೆಗೆ ಬರೀ ಅಂಕಿ. ಹಿಂದಿನ ನೋಟ್ ಎಳೆದುಕೊಂಡಿರುವ ಎಣಿಕೆಗೆ ದುಂಡು ಬ್ರ್ಯಾಕೆಟ್. ಸುಮ್ಮನಿರುವ ಎಣಿಕೆಗೆ ಚೌಕ ಬ್ರ್ಯಾಕೆಟ್. ಎಣಿಕೆಯ ನಡುವಿನ ಅರ್ಧಕ್ಕೆ + ಗುರುತು, ಬಾಯಲ್ಲಿ "ಅಂಡ್" ಅನ್ನಿ. ಎಳೆತಕ್ಕೂ ಮೌನಕ್ಕೂ ಬೇರೆ ಬ್ರ್ಯಾಕೆಟ್ ಯಾಕೆ ಅಂದರೆ, ಫ್ಲೂಟ್‌ನಲ್ಲಿ ಒಂದರಲ್ಲಿ ಉಸಿರು ಹೋಗುತ್ತಿರಬೇಕು, ಇನ್ನೊಂದರಲ್ಲಿ ನಿಲ್ಲಬೇಕು. ಎರಡಕ್ಕೂ ಒಂದೇ ಗುರುತು ಹಾಕಿದರೆ ಮಗು ಎಲ್ಲ ಕಡೆ ನಿಲ್ಲಿಸುತ್ತೆ.

ಆದಿತಾಳ ಹಾಕಿ ಬೆಳೆದವರಿಗೆ ಒಂದು ಮಾತು. ಎರಡು ಬಾರ್ ಸೇರಿಸಿ ಎಂಟು ಅಂತ ಎಣಿಸುವ ಆಸೆ ಆಗುತ್ತೆ. ಬೇಡ. ಪ್ರತಿ ಬಾರ್‌ನಲ್ಲೂ ಮತ್ತೆ 1ರಿಂದ ಶುರು ಮಾಡಿ, ಇಲ್ಲದಿದ್ದರೆ ಟೀಚರ್ "ಮೂರನೇ ಬೀಟ್" ಅಂದಾಗ ಮಗು ಎಲ್ಲಿಗೋ ನೋಡುತ್ತೆ.

ಮೌನದ ಗುರುತುಗಳನ್ನು ಬಿಟ್ಟು ಹೋಗಬೇಡಿ. ಸೊಟ್ಟ ಮಿಂಚಿನ ಹಾಗಿರುವುದು ಕ್ವಾರ್ಟರ್ ರೆಸ್ಟ್, ಒಂದು ಎಣಿಕೆ. ನಡುಗೆರೆಯ ಮೇಲೆ ಕೂತ ಚಿಕ್ಕ ಕಪ್ಪು ಇಟ್ಟಿಗೆ ಹಾಫ್ ರೆಸ್ಟ್. ಅದೇ ಇಟ್ಟಿಗೆ ನಾಲ್ಕನೇ ಗೆರೆಯಿಂದ ಕೆಳಗೆ ನೇತಾಡುತ್ತಿದ್ದರೆ ಹೋಲ್ ರೆಸ್ಟ್, ಇಡೀ ಬಾರ್ ಸುಮ್ಮನಿರಬೇಕು. ಗೆರೆಗಳನ್ನು ಯಾವಾಗಲೂ ಕೆಳಗಿನಿಂದ ಎಣಿಸುವುದು, ನೆನಪಿರಲಿ. 7 ಅಂಕಿಯಂತೆ ಕಾಣುವುದು ಎಯ್ತ್ ರೆಸ್ಟ್, ಅರ್ಧ ಎಣಿಕೆ.

### ಚುಕ್ಕೆ ಎಲ್ಲಿದೆ?

ಗುಂಡಿನ ಬಲಕ್ಕೆ ಚುಕ್ಕೆ ಇದ್ದರೆ ನೋಟ್‌ನ ಉದ್ದಕ್ಕೆ ಅದರ ಅರ್ಧ ಸೇರುತ್ತೆ. ಹಾಫ್‌ಗೆ ಚುಕ್ಕೆ ಇಟ್ಟರೆ ಮೂರು ಎಣಿಕೆ, ಕ್ವಾರ್ಟರ್‌ಗೆ ಇಟ್ಟರೆ ಒಂದೂವರೆ. ಗುಂಡಿನ ಮೇಲೋ ಕೆಳಗೋ ಚುಕ್ಕೆ ಇದ್ದರೆ ಅದು ಬೇರೆ, ಸ್ಟಕಾಟೋ, ನೋಟ್ ಚುಟುಕಾಗಿ ನುಡಿಸು ಅಂತ ಅರ್ಥ. ಎಣಿಕೆ ಬದಲಾಗಲ್ಲ. ಗೊಂದಲ ಆಗುವುದು ಗುಂಡು ಗೆರೆಯ ಮೇಲಿದ್ದಾಗ. ಆಗ ಬಲದ ಚುಕ್ಕೆಯನ್ನು ಗೆರೆಯಲ್ಲಿ ಮುಚ್ಚಿಹೋಗದಿರಲಿ ಅಂತ ಸ್ವಲ್ಪ ಮೇಲೆ, ಸಂದಿನಲ್ಲಿ ಇಟ್ಟಿರುತ್ತಾರೆ. ಮೇಲಕ್ಕಿದೆ ಅಂತ ಸ್ಟಕಾಟೋ ಅಂದುಕೊಳ್ಳಬೇಡಿ. ಗುಂಡಿನ ನೇರ ತಲೆ ಮೇಲಿದೆಯಾ, ಬಲಕ್ಕಿದೆಯಾ, ಅದಷ್ಟೇ ನೋಡಿ.

### ಕಮಾನು ಎರಡು ಥರ

ಎರಡು ಗುಂಡುಗಳ ನಡುವೆ ಬಾಗಿದ ಗೆರೆ ಇದ್ದು, ಎರಡೂ ಒಂದೇ ಎತ್ತರದ ಪಕ್ಕಪಕ್ಕದ ನೋಟ್‌ಗಳಾಗಿದ್ದರೆ ಅದು ಟೈ. ಎರಡನೆಯದನ್ನು ಹೊಸದಾಗಿ ನುಡಿಸುವಂತಿಲ್ಲ, ಮೊದಲನೆಯದೇ ಮುಂದುವರಿಯುತ್ತೆ, ಹಾಗಾಗಿ ಅದರ ಎಣಿಕೆಗೆ ದುಂಡು ಬ್ರ್ಯಾಕೆಟ್. ಬೇರೆ ಬೇರೆ ಎತ್ತರದ ನೋಟ್‌ಗಳನ್ನು ಸೇರಿಸಿದ್ದರೆ ಅದು ಸ್ಲರ್. ಎಣಿಕೆ ಮಾಮೂಲಿನಂತೆ, ಪ್ರತಿ ನೋಟ್‌ಗೂ ಬರೀ ಅಂಕಿ. ವ್ಯತ್ಯಾಸ ನಾಲಿಗೆಯಲ್ಲಿ: ಫ್ಲೂಟ್‌ನಲ್ಲಿ ಪ್ರತಿ ನೋಟ್ ಶುರುವಾಗುವುದು ನಾಲಿಗೆಯ "ತು" ಇಂದ, ಸ್ಲರ್ ಒಳಗೆ ಮೊದಲನೆಯದಕ್ಕೆ ಮಾತ್ರ "ತು", ಉಳಿದದ್ದಕ್ಕೆ ಬೆರಳು ಬದಲಾಗುತ್ತೆ, ಗಾಳಿ ನಿಲ್ಲಲ್ಲ.

ಗೆರೆಗಳ ಮೇಲುಗಡೆ ಅಲ್ಪವಿರಾಮದಂಥ ಗುರುತು ಕಂಡರೆ ಅದು ಉಸಿರು ತೆಗೆದುಕೊಳ್ಳುವ ಜಾಗ. ಅದಕ್ಕೆ ಎಣಿಕೆ ಇಲ್ಲ. ಕೆಂಪು ಪೆನ್ಸಿಲ್‌ನಲ್ಲಿ ದಪ್ಪ ಮಾಡಿ.

## ಹಂತ 4: ಬಾರ್ ಬಾರ್ ಕೂಡಿಸಿ

ಹೆಸರಿಗೆ ಕೈ ಹಾಕುವ ಮುಂಚೆ, 4/4 ಹಾಡಾದರೆ, ಪ್ರತಿ ಬಾರ್ ನಾಲ್ಕಕ್ಕೆ ಮುಗಿಯುತ್ತಾ ನೋಡಿ. ಮೂರೂವರೆ ಬಂದರೆ ಕ್ವಾರ್ಟರ್ ಪಕ್ಕದ ಚುಕ್ಕೆಯೋ 7ರಂಥ ರೆಸ್ಟೋ ಕಣ್ಣಿಗೆ ಬಿದ್ದಿಲ್ಲ. ಮೂರು ಬಂದರೆ ಹಾಫ್ ಪಕ್ಕದ ಚುಕ್ಕೆ ಅಥವಾ ಒಂದು ಕ್ವಾರ್ಟರ್ ರೆಸ್ಟ್ ತಪ್ಪಿದೆ. ನಾಲ್ಕೂವರೆ, ಐದು ಬಂದರೆ ಸ್ಟಕಾಟೋ ಚುಕ್ಕೆಯನ್ನು ಉದ್ದದ ಚುಕ್ಕೆ ಅಂದುಕೊಂಡಿರಬಹುದು, ಅಥವಾ ಪಟ್ಟಿ ಇರುವ ನೋಟ್‌ಗಳನ್ನು ಕ್ವಾರ್ಟರ್ ಅಂತ ಎಣಿಸಿರಬಹುದು. ಅಷ್ಟು ನೋಡಿಯೂ ಕೂಡದಿದ್ದರೆ ಚಿತ್ರದಲ್ಲೇ ಏನೋ ಹೋಗಿದೆ. ಮೂಲ ಪಿಡಿಎಫ್ ತರಿಸಿ.

ಒಂದು ವಿನಾಯಿತಿ ಇದೆ. ಹಾಡಿನ ಮೊಟ್ಟಮೊದಲ ಬಾರ್‌ನಲ್ಲಿ ಒಂದೇ ಕ್ವಾರ್ಟರ್ ನೋಟ್ ಇದ್ದು ಮುಂದೆ ಬಾರ್ ಗೆರೆ ಬಂದುಬಿಟ್ಟಿದ್ದರೆ ಅದು ತಪ್ಪಲ್ಲ, ಪಿಕ್‌ಅಪ್. ಅದರ ಕೆಳಗೆ 1 ಅಲ್ಲ, 4 ಅಂತ ಬರೆಯಿರಿ. ಬಾರ್ ನಂಬರ್ ಮುಂದಿನ ಪೂರ್ತಿ ಬಾರ್‌ನಿಂದ ಶುರು. ಸಾಮಾನ್ಯವಾಗಿ ಹಾಡಿನ ಕೊನೆಯ ಬಾರ್ ಮೂರಕ್ಕೇ ಮುಗಿದು ಲೆಕ್ಕ ಸರಿಹೋಗುತ್ತೆ.

## ಹಂತ 5: ಫ್ಲ್ಯಾಟ್, ಶಾರ್ಪ್ ಬೀಳುವ ನೋಟ್‌ಗಳಿಗೆ ಮೊದಲೇ ಸುತ್ತು ಹಾಕಿ

ಕೀ ಸಿಗ್ನೇಚರ್‌ನಲ್ಲಿ ಒಂದು ಫ್ಲ್ಯಾಟ್ ಇದ್ದರೆ ಅದು B. ಎರಡು ಇದ್ದರೆ B ಮತ್ತು E. ಒಂದು ಶಾರ್ಪ್ ಇದ್ದರೆ F, ಎರಡಿದ್ದರೆ F ಮತ್ತು C. ಆರಂಭದ ಪುಟಗಳಿಗೆ ಇಷ್ಟು ಸಾಕು. ಆ ಗುರುತು ಸಾಲಿನ ತಲೆಯಲ್ಲಿ ಒಂದು ಸಲ ಇದ್ದರೂ ಸಾಲಿನುದ್ದಕ್ಕೂ, ಮೇಲಿನ ಕೆಳಗಿನ ಎಲ್ಲ B ಸ್ವರಗಳಿಗೂ ಅನ್ವಯ. ನೋಟ್ ಪಕ್ಕದಲ್ಲಿ ಮತ್ತೆ ಗುರುತು ಇರಲ್ಲ, ಅದಕ್ಕೇ ಮರೆತುಹೋಗುವುದು.

ಹಾಗಾಗಿ ಹೆಸರು ಬರೆಯುತ್ತಾ ಹೋಗುವಾಗ ನೆನಪಿಟ್ಟುಕೊಳ್ಳುತ್ತೇನೆ ಅನ್ನಬೇಡಿ. ಒಂದು ಫ್ಲ್ಯಾಟ್ ಇದ್ದರೆ ನಡುಗೆರೆಯ ಮೇಲೆ ಕೂತ ಗುಂಡುಗಳನ್ನೆಲ್ಲ ಹುಡುಕಿ ಕೆಂಪಲ್ಲಿ ಸುತ್ತು ಹಾಕಿ. ನಡುಗೆರೆಯೇ B. ಆಮೇಲೆ ಬೇರೆ ಕೆಲಸ.

ನೋಟ್‌ನ ಎಡಕ್ಕೇ ♯, ♭ ಅಥವಾ ಅವೆರಡನ್ನೂ ರದ್ದು ಮಾಡಿ ಸಾದಾ ಸ್ವರ ನುಡಿಸು ಅನ್ನುವ ♮ ಅಂಟಿಕೊಂಡಿದ್ದರೆ ಅದರ ಮಾತು ಆ ಬಾರ್ ಮುಗಿಯುವವರೆಗೆ ಮಾತ್ರ ನಡೆಯುತ್ತೆ. ಅದೇ ಬಾರ್‌ನಲ್ಲಿ ಅದೇ ಗೆರೆ ಅಥವಾ ಅದೇ ಸಂದಿನ ನೋಟ್ ಮತ್ತೆ ಬಂದರೆ, ಗುರುತು ಇಲ್ಲದಿದ್ದರೂ, ಅದಕ್ಕೂ ಸೇರುತ್ತೆ. ಬಾರ್ ಗೆರೆ ದಾಟಿದರೆ ರದ್ದು, ಮತ್ತೆ ಕೀ ಸಿಗ್ನೇಚರ್‌ನದೇ ರಾಜ್ಯ. ಟೈ ಹಾಕಿ ಬಾರ್ ಗೆರೆ ದಾಟಿಸಿದ ನೋಟ್ ಮಾತ್ರ ಆ ಗುರುತನ್ನು ತನ್ನ ಜೊತೆ ತೆಗೆದುಕೊಂಡು ಹೋಗುತ್ತೆ.

## ಹಂತ 6: ಈಗ ಹೆಸರು

ಹಾಳೆ ಮೇಲೆ ಇಂಗ್ಲಿಷ್ ಅಕ್ಷರವನ್ನೇ ಬರೆಯಿರಿ. C ಕೆಳಗೆ ಸ, D ಕೆಳಗೆ ರಿ ಅಂತ ಬರೆಯುವವರಿದ್ದಾರೆ. ಸಂಗೀತ ಕಲಿಯದ ಮಗುವಿಗೆ ಹೇಗೋ ನಡೆಯುತ್ತೆ. ಆದರೆ ನಮ್ಮಲ್ಲಿ ಸ ಎಲ್ಲಿ ಬೇಕಾದರೂ ಕೂರಬಹುದು, ಎಫ್ ಮೇಜರ್ ಹಾಡಿನಲ್ಲಿ ಕಿವಿಗೆ ಸ ಅನಿಸುವುದು F. ಹಾಡುಗಾರಿಕೆಯನ್ನೂ ಕಲಿಯುತ್ತಿರುವ ಮಗು ಹಾಳೆಯಲ್ಲಿ ಒಂದು ಸ, ಕಿವಿಯಲ್ಲಿ ಇನ್ನೊಂದು ಸ ಇಟ್ಟುಕೊಂಡು ಒದ್ದಾಡುತ್ತೆ.

ಗೆರೆಗಳ ಹೆಸರು ಕೆಳಗಿನಿಂದ E G B D F, ಸಂದುಗಳು F A C E. ಪ್ರತಿ ನೋಟ್‌ಗೂ ಕೆಳಗಿನಿಂದ ಎಣಿಸುತ್ತಾ ಬಂದರೆ ಹತ್ತು ನೋಟ್ ಆದಮೇಲೆ ಒಂದು ಮನೆ ತಪ್ಪುವುದು ಖಂಡಿತ. ಬದಲಿಗೆ ಎರಡು ಗೂಟ ನೆಟ್ಟುಕೊಳ್ಳಿ. ಕ್ಲೆಫ್‌ನ ಸುರುಳಿ ಸುತ್ತಿಕೊಂಡಿರುವ ಎರಡನೇ ಗೆರೆ G. ನಡುಗೆರೆ B. ಯಾವ ನೋಟ್ ಬಂದರೂ ಹತ್ತಿರದ ಗೂಟದಿಂದ ಒಂದೋ ಎರಡೋ ಹೆಜ್ಜೆ. ಆರಂಭದ ಫ್ಲೂಟ್ ಪಾಠಗಳು B, A, G ಸುತ್ತಲೇ ಇರುವುದರಿಂದ ಈ ಎರಡು ಗೂಟ ಬಹಳ ದೂರ ಕೆಲಸ ಮಾಡುತ್ತವೆ. ಕಡ್ಡಿ ಮೇಲಕ್ಕಿದೆಯೋ ಕೆಳಕ್ಕಿದೆಯೋ ಅನ್ನುವುದಕ್ಕೂ ಹೆಸರಿಗೂ ಸಂಬಂಧ ಇಲ್ಲ. ಗುಂಡಿನ ಹೊಟ್ಟೆ ಎಲ್ಲಿದೆ ಅಷ್ಟೇ ನೋಡಿ.

ಅಕ್ಷರ ಗುಂಡಿನ ನೇರ ಕೆಳಗೇ ಬರಬೇಕು. ಬಲಕ್ಕೋ ಎಡಕ್ಕೋ ಜಾರಿದರೆ ಎಯ್ತ್ ನೋಟ್‌ಗಳ ಜಾಗದಲ್ಲಿ ಯಾವುದು ಯಾರದ್ದು ಅಂತ ಗೊತ್ತಾಗಲ್ಲ. ಹಾಳೆಯಲ್ಲಿ ಅಚ್ಚಾದಾಗ ♭ ಗುಂಡಿನ ಎಡಕ್ಕೆ ಇರುತ್ತೆ, ನೀವು ಬರೆಯುವಾಗ ಅಕ್ಷರದ ಬಲಕ್ಕೆ: B♭.

### ಮೇಲಿನ D, ಕೆಳಗಿನ D

ಪಿಯಾನೋ ಪುಟಕ್ಕೆ ಹೆಸರು ಬರೆದು ಅಭ್ಯಾಸ ಇರುವವರೂ ಫ್ಲೂಟ್‌ಗೆ ಬರೆಯುವಾಗ ಬಿಡುವ ಒಂದು ವಿಷಯ ಇದು. ಕೆಳಗಿನ ಗೆರೆಗೂ ಕೆಳಗೆ ನೇತಾಡುವ ಗುಂಡು D, ನಾಲ್ಕನೇ ಗೆರೆಯ ಗುಂಡೂ D. ಎರಡಕ್ಕೂ ಬರೀ D ಬರೆದರೆ ಮಗುವಿಗೆ ಯಾವ ಬೆರಳು ಅಂತ ಗೊತ್ತಾಗಲ್ಲ, ಯಾಕಂದರೆ ಮೇಲಿನ D ಸ್ವರಕ್ಕೆ ಎಡಗೈ ತೋರುಬೆರಳು ಎತ್ತಬೇಕು, ಕೆಳಗಿನದಕ್ಕೆ ಅದು ಒತ್ತಿರಬೇಕು.

ಹಾಗಾಗಿ ನಾಲ್ಕನೇ ಗೆರೆಯ D ಮತ್ತು ಅದರ ಮೇಲಿನ ಎಲ್ಲ ನೋಟ್‌ಗಳಿಗೂ ಅಕ್ಷರದ ತುದಿಯಲ್ಲಿ ಒಂದು ಕಡ್ಡಿ ಹಾಕಿ: D′, E′, F′. ಫ್ಲೂಟ್‌ನಲ್ಲಿ ಎರಡನೇ ಸ್ಥಾಯಿ ಶುರುವಾಗುವುದೂ ಅಲ್ಲಿಂದಲೇ, ಹಾಗಾಗಿ ಈ ಕಡ್ಡಿ ಕಂಡರೆ "ತುಟಿ ಬದಲಿಸು" ಅಂತಲೂ ಅರ್ಥ. E ಮತ್ತು E′ ಎರಡಕ್ಕೂ ಬೆರಳು ಒಂದೇ, F, G, A, B ಕೂಡ ಹಾಗೇ. ಮೇಲಿನದಕ್ಕೆ ತುಟಿಯ ಸಂದು ಕಿರಿದಾಗಬೇಕು, ಗಾಳಿ ವೇಗವಾಗಬೇಕು. ಹಾಳೆಯಲ್ಲಿ E′ ಇದ್ದು ಕೆಳಗಿನ E ಬರುತ್ತಿದ್ದರೆ ತಪ್ಪು ಬರಹದಲ್ಲಿ ಇಲ್ಲ, ಗಾಳಿಯಲ್ಲಿದೆ. ಸುಮ್ನೆ ಹಾಳೆ ತಿದ್ದಲು ಹೋಗಬೇಡಿ.

## ಒಂದು ಸಾಲು ಪೂರ್ತಿ ಮಾಡಿ ನೋಡೋಣ

ಅಭ್ಯಾಸಕ್ಕೆ ಅಂತಲೇ ಕಟ್ಟಿದ ನಾಲ್ಕು ಬಾರ್ ಇದು. 4/4, ಕೀ ಸಿಗ್ನೇಚರ್‌ನಲ್ಲಿ ಒಂದು ಫ್ಲ್ಯಾಟ್. ಹಾಳೆಯಲ್ಲಿ ಕಾಣುವುದು ಹೀಗೆ.

ಮೊದಲ ಬಾರ್‌ನಲ್ಲಿ ಕೆಳಗಿನ ಸಂದಿನಲ್ಲಿ ಒಂದು ಕ್ವಾರ್ಟರ್, ಎರಡನೇ ಗೆರೆಯಲ್ಲಿ ಇನ್ನೊಂದು ಕ್ವಾರ್ಟರ್, ಎರಡನೇ ಸಂದಿನಲ್ಲಿ ಹಾಫ್. ಎರಡನೇ ಬಾರ್‌ನಲ್ಲಿ ನಡುಗೆರೆಯ ಮೇಲೆ ಚುಕ್ಕೆ ಇರುವ ಕ್ವಾರ್ಟರ್, ಎರಡನೇ ಸಂದಿನಲ್ಲಿ ಬಾಲದ ಎಯ್ತ್, ಎರಡನೇ ಗೆರೆಯಲ್ಲಿ ಹಾಫ್. ಮೂರನೇ ಬಾರ್ ಕ್ವಾರ್ಟರ್ ರೆಸ್ಟ್‌ನಿಂದ ಶುರು. ಆಮೇಲೆ ಪಟ್ಟಿಯಿಂದ ಸೇರಿದ ಎರಡು ಎಯ್ತ್, ಮೊದಲನೆಯದು ನಡುಗೆರೆಯಲ್ಲಿ, ಎಡಕ್ಕೆ ♮ ಇದೆ, ಎರಡನೆಯದು ಮೂರನೇ ಸಂದಿನಲ್ಲಿ. ಮತ್ತೆ ನಡುಗೆರೆಯಲ್ಲಿ ಒಂದು ಕ್ವಾರ್ಟರ್, ಪಕ್ಕದಲ್ಲಿ ಏನೂ ಗುರುತಿಲ್ಲ. ಕೊನೆಗೆ ಮೂರನೇ ಸಂದಿನಲ್ಲಿ ಕ್ವಾರ್ಟರ್, ಅದರಿಂದ ಕಮಾನು ಹೊರಟು ನಾಲ್ಕನೇ ಬಾರ್‌ನ ಮೂರನೇ ಸಂದಿನ ಹಾಫ್‌ಗೆ ಸೇರುತ್ತೆ. ನಾಲ್ಕನೇ ಬಾರ್‌ನಲ್ಲಿ ಆ ಹಾಫ್ ಆದಮೇಲೆ ನಡುಗೆರೆಯಲ್ಲಿ ಕ್ವಾರ್ಟರ್, ಎರಡನೇ ಗೆರೆಯಲ್ಲಿ ಕ್ವಾರ್ಟರ್.

ಎಲ್ಲ ಹಂತ ಮುಗಿಸಿದ ಮೇಲೆ ಬರಹ ಹೀಗಿರಬೇಕು:

```
ಬಾರ್ 1
F     G     A
1     2     3 (4)

ಬಾರ್ 2
B♭        A     G
1 (2)     +     3 (4)

ಬಾರ್ 3
      B♮    C     B♮    C
[1]   2     +     3     4

ಬಾರ್ 4
(C)       B♭    G
(1 2)     3     4
```

ಎರಡನೇ ಬಾರ್ ನೋಡಿ. ಚುಕ್ಕೆಯ ಕ್ವಾರ್ಟರ್ ಒಂದೂವರೆ ಎಣಿಕೆ, ಹಾಗಾಗಿ 2 ಬಂದಾಗ ಇನ್ನೂ B♭ ಊದುತ್ತಿರುತ್ತೀರಿ. ಎಯ್ತ್ ಬರುವುದು ಎರಡರ ನಂತರದ "ಅಂಡ್" ಮೇಲೆ. ಇಲ್ಲಿ ಆ ಬ್ರ್ಯಾಕೆಟ್‌ನ 2 ಬರೆಯದೆ ಬರೀ 1 + 3 ಅಂತ ಬರೆದುಬಿಟ್ಟರೆ ಮಗು ಒಂದರ ಪಕ್ಕದ "ಅಂಡ್" ಅಂದುಕೊಂಡು A ಸ್ವರವನ್ನು ಒಂದು ಎಣಿಕೆ ಮುಂಚೆ ನುಡಿಸುತ್ತೆ. ಮಸುಕಾದ ಚಿತ್ರದಲ್ಲಿ ಈ ಚುಕ್ಕೆ ಹೋಗಿದ್ದರೆ ಬಾರ್ ಮೂರೂವರೆಗೆ ನಿಲ್ಲುತ್ತಿತ್ತು. ನಡುಗೆರೆಯ ನೋಟ್ ಆದ್ದರಿಂದ ಆ ಚುಕ್ಕೆ ಗೆರೆಯ ಮೇಲಲ್ಲ, ಅದರ ಮೇಲಿನ ಸಂದಿನಲ್ಲಿ ಇರುತ್ತೆ. ಅಲ್ಲೇ ಹುಡುಕಬೇಕು.

ಮೂರು ಮತ್ತು ನಾಲ್ಕನೇ ಬಾರ್‌ಗಳಲ್ಲಿ ನಡುಗೆರೆಯ ಗುಂಡು ಮೂರು ಸಲ ಬರುತ್ತೆ. ಐದನೇ ಹಂತದಲ್ಲಿ ಮೂರಕ್ಕೂ ಸುತ್ತು ಹಾಕಿರುತ್ತೀರಿ. ಮೊದಲನೆಯದಕ್ಕೆ ♮ ಇದೆ, ಹಾಗಾಗಿ ಸಾದಾ B. ಎರಡನೆಯದಕ್ಕೆ ಗುರುತಿಲ್ಲ, ಆದರೆ ಅದೇ ಬಾರ್, ಅದೂ ಸಾದಾ B. ಮೂರನೆಯದಕ್ಕೂ ಗುರುತಿಲ್ಲ, ಬಾರ್ ಗೆರೆ ದಾಟಿದೆ, ಅದು B♭. ಕೆಲವು ಪುಸ್ತಕಗಳಲ್ಲಿ ನೆನಪಿಸಲು ಅಂತ ಆ ಮೂರನೆಯದರ ಪಕ್ಕ ♭ ಹಾಕಿರುತ್ತಾರೆ. ಇಲ್ಲದಿದ್ದರೂ ಅದು B♭ ಆಗಿಯೇ ಇರುತ್ತೆ.

ನಾಲ್ಕನೇ ಬಾರ್‌ನ C ಸ್ವರಕ್ಕೆ ಬ್ರ್ಯಾಕೆಟ್ ಹಾಕಿದ್ದು ಟೈ ಇರುವುದಕ್ಕೆ. ಹಿಂದಿನ ಬಾರ್‌ನ ನಾಲ್ಕರಲ್ಲಿ "ತು" ಅಂದು ಶುರು ಮಾಡಿದ ಉಸಿರು ಮುಂದಿನ ಒಂದು, ಎರಡು ಮುಗಿಯುವವರೆಗೂ ಹೋಗಬೇಕು. ಬ್ರ್ಯಾಕೆಟ್ ಇಲ್ಲದೆ C ಅಂತ ಬರೆದರೆ ಮಗು ಖಂಡಿತ ಇನ್ನೊಂದು "ತು" ಹೊಡೆಯುತ್ತೆ.

## ಹಂತ 7: ಫ್ಲೂಟ್ ಎತ್ತುವ ಮುಂಚೆ ಬಾಯಲ್ಲಿ ಓದಿಸಿ

ಮೆಟ್ರೊನೋಮ್ 60ಕ್ಕೆ ಇಡಿ. ಮೊದಲು ಎಣಿಕೆ ಮಾತ್ರ: ಬ್ರ್ಯಾಕೆಟ್ ಇಲ್ಲದ ಅಂಕಿ ಮತ್ತು + ಬಂದಾಗ ಚಪ್ಪಾಳೆ, ದುಂಡು ಬ್ರ್ಯಾಕೆಟ್‌ನಲ್ಲಿ ಕೈ ಸೇರಿಸಿಕೊಂಡೇ ಇರಬೇಕು, ಚೌಕ ಬ್ರ್ಯಾಕೆಟ್‌ನಲ್ಲಿ ಕೈ ಬಿಡಬೇಕು. ಎಣಿಕೆಯನ್ನು ಮಾತ್ರ ಎಲ್ಲೂ ನಿಲ್ಲಿಸದೆ ಜೋರಾಗಿ ಹೇಳುತ್ತಿರಬೇಕು. ಆಮೇಲೆ ಅದೇ ಲಯದಲ್ಲಿ ನೋಟ್ ಹೆಸರು ಹೇಳಿಸಿ, "ಎಫ್, ಜಿ, ಎ ಎ" ಅಂತ ಎಳೆದು. ಮೂರನೇ ಸುತ್ತಿಗೆ ಹೆಸರು ಹೇಳುತ್ತಾ ಬೆರಳು ಮಾತ್ರ ಆಡಿಸಲಿ, ಊದುವುದು ಬೇಡ.

ಮಗು ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಂತರೆ ಮೊದಲು ನಿಮ್ಮ ಬರಹವನ್ನೇ ಅನುಮಾನಿಸಿ. ಆ ಬಾರ್ ಮತ್ತೆ ಕೂಡಿಸಿ ನೋಡಿ. ಲೆಕ್ಕ ಸರಿ ಇದ್ದರೆ ಆಮೇಲೆ ಮಗುವಿನ ಅಭ್ಯಾಸದ ವಿಷಯ.

## ಹಂತ 8: ಅಳಿಸುವ ಕ್ರಮ

ಅಕ್ಷರ ಕೆಳಗೆ ಇರುವ ತನಕ ಕಣ್ಣು ಗುಂಡನ್ನು ನೋಡುವುದೇ ಇಲ್ಲ. ಇದು ಮಗುವಿನ ಸೋಮಾರಿತನ ಅಲ್ಲ, ದೊಡ್ಡವರೂ ಹಾಗೇ ಮಾಡುತ್ತಾರೆ. ಹಾಗಾಗಿ ಹಾಡು ನಿಲ್ಲದೆ ನುಡಿಸಲು ಬಂದ ಕೂಡಲೇ ಅಳಿಸಲು ಶುರು ಮಾಡಿ. ಮೊದಲು G, A, B ಹೆಸರುಗಳನ್ನು ಅಳಿಸಿ, ಅವು ಎಲ್ಲಕ್ಕಿಂತ ಬೇಗ ಕಣ್ಣಿಗೆ ಹಿಡಿಯುತ್ತವೆ. ಫ್ಲ್ಯಾಟ್ ಬಿದ್ದ B ಸ್ವರದ ಅಕ್ಷರ ಅಳಿಸಿದರೂ ಕೆಂಪು ಸುತ್ತು ಇರಲಿ. ಆಮೇಲೆ F, C. ಕಡ್ಡಿ ಹಾಕಿದ D′, E′ ಕೊನೆಗೆ.

ಎಣಿಕೆಯಲ್ಲಿ ಬರೀ ಕ್ವಾರ್ಟರ್, ಹಾಫ್ ಇರುವ ಬಾರ್‌ಗಳನ್ನು ಅಳಿಸಬಹುದು. ಚುಕ್ಕೆ, ಟೈ, ರೆಸ್ಟ್ ಇರುವ ಬಾರ್‌ಗಳದ್ದು ಹಾಗೇ ಬಿಡಿ. ವರ್ಷಗಟ್ಟಲೆ ನುಡಿಸಿದವರೂ ತಮ್ಮ ಹಾಳೆಯ ಕಷ್ಟದ ಬಾರ್‌ಗಳ ಮೇಲೆ ಪೆನ್ಸಿಲ್‌ನಲ್ಲಿ ಎಣಿಕೆ ಬರೆದುಕೊಂಡಿರುತ್ತಾರೆ.

ಮುಂದಿನ ಸ್ಕ್ರೀನ್‌ಶಾಟ್ ಬಂದಾಗ ಎಲ್ಲವನ್ನೂ ನೀವೇ ಬರೆಯಬೇಡಿ. ಬಾರ್ ನಂಬರ್ ಮತ್ತು ಕೆಂಪು ಸುತ್ತು ನೀವು ಹಾಕಿ, ಎಣಿಕೆ ಮಗು ಬರೆಯಲಿ, ಪ್ರತಿ ಬಾರ್‌ನ ಮೊದಲ ನೋಟ್‌ಗೆ ಮಾತ್ರ ಹೆಸರು ಬರೆಯಲಿ. ಬಾರ್ ಕೂಡದಿದ್ದರೆ ಎಲ್ಲಿ ತಪ್ಪಿದೆ ಅಂತ ಹೇಳಬೇಡಿ, ಎಷ್ಟು ಬಂತು ಅಂತ ಮಾತ್ರ ಕೇಳಿ. ಮೂರೂವರೆ ಅಂದರೆ ಚುಕ್ಕೆ ಹುಡುಕಬೇಕು ಅನ್ನುವುದು ಅಷ್ಟರಲ್ಲಿ ಅದಕ್ಕೇ ಗೊತ್ತಿರುತ್ತೆ.